ಅರವತ್ತು ಮಿಲಿಲೀಟರಿನ ಲೆಕ್ಕ

ಚಹಾ ಪುಡಿಯಿಂದ ಕೆಫೀನ್ ಬೇರ್ಪಡಿಸುವ ಪ್ರಯೋಗ ರಸಾಯನಶಾಸ್ತ್ರದ ಪದವಿ ವಿದ್ಯಾರ್ಥಿಗಳಿಗೆ ಹಳೆಯ ಪರಿಚಯ. ಹತ್ತು ಗ್ರಾಂ ಪುಡಿಯನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ ಸೋಸಬೇಕು, ಡಿಕಾಕ್ಷನ್ ತಣ್ಣಗಾದ ಮೇಲೆ ಡೈಕ್ಲೋರೋಮೀಥೇನ್ ಎಂಬ ದ್ರಾವಕ ಸೇರಿಸಿ ಕುಲುಕಬೇಕು. ಈ ದ್ರಾವಕ ನೀರಿನೊಂದಿಗೆ ಬೆರೆಯುವುದಿಲ್ಲ, ನೀರಿಗಿಂತ ಭಾರ, ಹಾಗಾಗಿ ತಳಕ್ಕಿಳಿದು ಕೂರುತ್ತದೆ. ಕೆಫೀನ್‌ಗೆ ನೀರಿಗಿಂತ ಇದರ ಮೇಲೆಯೇ ಒಲವು ಹೆಚ್ಚು. ಕುಲುಕಿ ನಿಲ್ಲಿಸಿದರೆ ಹೆಚ್ಚಿನ ಪಾಲು ನೀರನ್ನು ಬಿಟ್ಟು ಕೆಳಗಿನ ಪದರಕ್ಕೆ ಹೋಗಿರುತ್ತದೆ.

ಪ್ರಯೋಗದ ಹಾಳೆಯಲ್ಲಿ ಮಾತ್ರ ಒಂದು ವಿಚಿತ್ರ ಸೂಚನೆ ಇರುತ್ತದೆ. 60 ಮಿಲಿಲೀಟರ್ ದ್ರಾವಕವನ್ನು ಒಟ್ಟಿಗೆ ಸುರಿಯಬೇಡಿ, 20 ಮಿಲಿಲೀಟರಿನಂತೆ ಮೂರು ಸಲ ಹಾಕಿ ಎಂದು. ಅದೇ ದ್ರಾವಕ, ಅದೇ ಅಳತೆ, ಕೆಲಸ ಮಾತ್ರ ಮೂರು ಪಟ್ಟು. ಮಾಡಿದರೆ ಲಾಭವೇನು?

ಉತ್ತರ ಅಡಗಿರುವುದು ವಿತರಣಾ ಗುಣಾಂಕದಲ್ಲಿ. ಬೆರೆಯದ ಎರಡು ದ್ರವಗಳ ನಡುವೆ ಒಂದು ವಸ್ತು ಹಂಚಿಕೊಂಡಾಗ, ಎರಡು ಪದರಗಳಲ್ಲಿ ಅದರ ಸಾಂದ್ರತೆಗಳ ಅನುಪಾತ ಒಂದೇ ಉಷ್ಣತೆಯಲ್ಲಿ ಬದಲಾಗದೆ ಉಳಿಯುತ್ತದೆ. ಫ್ರಾನ್ಸಿನ ಬರ್ತೆಲೋ ಮತ್ತು ಯುಂಗ್‌ಫ್ಲೈಶ್ 1872ರಲ್ಲಿ ಇದನ್ನು ಅಳೆದು ತೋರಿಸಿದರು. ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ 1891ರಲ್ಲಿ ಅದಕ್ಕೆ ಖಚಿತ ನಿಯಮದ ರೂಪ ಕೊಟ್ಟ. ಈ ಅನುಪಾತಕ್ಕೆ ಪುಸ್ತಕಗಳಲ್ಲಿ K ಎಂಬ ಗುರುತು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿಲಿಲೀಟರ್ ನೀರಿನಲ್ಲಿ ಸುಮಾರು 2.2 ಗ್ರಾಂ ಕೆಫೀನ್ ಕರಗುತ್ತದೆ, ಅಷ್ಟೇ ಡೈಕ್ಲೋರೋಮೀಥೇನ್‌ನಲ್ಲಿ ಸುಮಾರು 14 ಗ್ರಾಂ. ಭಾಗಿಸಿದರೆ ಆರಕ್ಕಿಂತ ಸ್ವಲ್ಪ ಹೆಚ್ಚು. ಇದು ಅಂದಾಜಿನ ದಾರಿ, ಆದರೂ ಲೆಕ್ಕಕ್ಕೆ K ಅನ್ನು 6 ಎಂದೇ ಇಟ್ಟುಕೊಳ್ಳೋಣ.

ಚಹಾದಲ್ಲಿ ಕೆಫೀನ್ ಸುಮಾರು 3% ಎಂದಿಟ್ಟುಕೊಂಡರೆ ನಮ್ಮ ಹತ್ತು ಗ್ರಾಂ ಪುಡಿಯಲ್ಲಿ 300 ಮಿಲಿಗ್ರಾಂ. ಅದೆಲ್ಲವೂ 100 ಮಿಲಿಲೀಟರ್ ಡಿಕಾಕ್ಷನ್‌ಗೆ ಇಳಿದಿದೆ ಎನ್ನೋಣ. ಒಂದು ಸಲ ಕುಲುಕಿದ ಮೇಲೆ ನೀರಿನಲ್ಲಿ ಉಳಿಯುವ ಭಾಗ ಇಷ್ಟು:

q = Vw / (Vw + K × Vs)

Vw ಎಂದರೆ ನೀರಿನ ಗಾತ್ರ, Vs ಆ ಸಲ ಹಾಕಿದ ದ್ರಾವಕದ ಗಾತ್ರ. 60 ಮಿಲಿಲೀಟರನ್ನು ಒಮ್ಮೆಗೇ ಹಾಕಿದರೆ 100 ಅನ್ನು 460ರಿಂದ ಭಾಗಿಸಬೇಕು. ಸುಮಾರು 22% ನೀರಿನಲ್ಲೇ ಉಳಿಯಿತು. ಅಂದರೆ 235 ಮಿಲಿಗ್ರಾಂ ಕೈಗೆ ಬಂತು, 65 ಮಿಲಿಗ್ರಾಂ ಹೋಯಿತು.

ಈಗ 20ರಂತೆ. ಪ್ರತಿ ಸಲ ಉಳಿಯುವುದು 220ರಲ್ಲಿ 100 ಭಾಗ, ಸುಮಾರು 45%. ಮೊದಲ ಸಲ 164 ಮಿಲಿಗ್ರಾಂ ಹೊರಬಂದು 136 ಉಳಿಯುತ್ತದೆ. ಅದನ್ನು ಬಸಿದು ಹೊಸ 20 ಮಿಲಿಲೀಟರ್ ಹಾಕಿದರೆ 74 ಹೊರಬಂದು 62 ಉಳಿಯುತ್ತದೆ. ಮೂರನೆಯ ಸಲ 34 ಬಂದು 28 ಉಳಿಯುತ್ತದೆ. ಒಟ್ಟು ದಕ್ಕಿದ್ದು 272 ಮಿಲಿಗ್ರಾಂ, ಅಂದರೆ ಸುಮಾರು 91%. ಒಂದು ಹನಿ ದ್ರಾವಕವೂ ಹೆಚ್ಚು ಖರ್ಚಾಗದೆ 37 ಮಿಲಿಗ್ರಾಂ ಹೆಚ್ಚಿಗೆ ಸಿಕ್ಕಿತು.

ಇದು ಹೇಗಾಯಿತು ಎಂದು ನೋಡಲು ಹೊರಬಂದ ದ್ರಾವಕ ಎಷ್ಟು ಗಟ್ಟಿಯಾಗಿತ್ತು ಎಂದು ಗಮನಿಸಿದರೆ ಸಾಕು. ಒಟ್ಟಿಗೆ ಸುರಿದಾಗ ಪ್ರತಿ ಮಿಲಿಲೀಟರ್ ದ್ರಾವಕ ಸುಮಾರು 3.9 ಮಿಲಿಗ್ರಾಂ ಕೆಫೀನ್ ಹೊತ್ತಿತ್ತು. ಅದಕ್ಕಿಂತ ಹೆಚ್ಚು ಹೊರಲು ಅದಕ್ಕೆ ಸಾಧ್ಯವಿರಲಿಲ್ಲ, ಏಕೆಂದರೆ ನೀರಿನಲ್ಲಿ ಅದರ ಆರರಲ್ಲೊಂದು ಪಾಲು ಸಾಂದ್ರತೆಯಷ್ಟೇ ಉಳಿದಿತ್ತು, ತಕ್ಕಡಿ ಅಲ್ಲಿಗೇ ಸಮವಾಗಿತ್ತು. ಮೂರು ಕಂತಿನಲ್ಲಿ ಹಾಗಲ್ಲ. ಮೊದಲ ಕಂತು ಕೆಫೀನ್ ತುಂಬಿದ ನೀರನ್ನು ಎದುರಿಸುವುದರಿಂದ ಮಿಲಿಲೀಟರಿಗೆ 8.2 ಮಿಲಿಗ್ರಾಂ ಹೊತ್ತು ಹೊರಡುತ್ತದೆ. ನಂತರ ಬರುವ ಕಂತು ಖಾಲಿ ಕೈಯಲ್ಲಿ ಬರುತ್ತದೆ, ಹಾಗಾಗಿ ನೀರಿನಲ್ಲಿ ಉಳಿದಿದ್ದು ಮತ್ತೆ ಹಂಚಿಕೊಳ್ಳಲೇಬೇಕು. ಮೂರನೆಯದು 1.7 ಮಾತ್ರ ಹೊರುತ್ತದೆ ನಿಜ, ಆದರೆ ಸರಾಸರಿಯಲ್ಲಿ ಮೂರೂ ಸೇರಿ ಗೆಲ್ಲುತ್ತವೆ.

ಹಾಗಾದರೆ ಇನ್ನೂ ಚಿಕ್ಕ ಕಂತು ಮಾಡಬಹುದಲ್ಲ? ಹತ್ತು ಮಿಲಿಲೀಟರಿನಂತೆ ಆರು ಸಲ ಹಾಕಿದರೆ 94% ಬರುತ್ತದೆ. ಲೆಕ್ಕವಿಲ್ಲದಷ್ಟು ಕಂತು ಮಾಡಿದರೂ 60 ಮಿಲಿಲೀಟರಿನಿಂದ ಬರುವುದು 97.3% ಮಾತ್ರ. ಒಂದರಿಂದ ಮೂರಕ್ಕೆ ಹೋದಾಗ 12 ಅಂಶ ಏರಿತು, ಮೂರರಿಂದ ಆರಕ್ಕೆ ಮೂರೂವರೆ. ಆ ಮೂರೂವರೆಗಾಗಿ ದುಪ್ಪಟ್ಟು ಕುಲುಕು, ದುಪ್ಪಟ್ಟು ಬಸಿಯುವಿಕೆ. ಪ್ರತಿ ಸಲ ಗಾಜಿಗೆ ಅಂಟಿ ಹೋಗುವ ಹನಿಗಳ ನಷ್ಟವೂ ಉಂಟು. ಮೇಲಾಗಿ 100 ಮಿಲಿಲೀಟರ್ ನೀರು ತಾನೇ ಸುಮಾರು ಒಂದು ಮಿಲಿಲೀಟರ್ ಡೈಕ್ಲೋರೋಮೀಥೇನ್ ಕುಡಿದುಬಿಡುತ್ತದೆ. ಕಂತು ತೀರ ಸಣ್ಣದಾದರೆ ಬಸಿಯಲು ಪದರವೇ ಸಿಗುವುದಿಲ್ಲ. ನನ್ನ ಮಟ್ಟಿಗೆ ಕೆಫೀನ್‌ಗೆ ಮೂರು ಸಲ ಸಾಕು, ನಾಲ್ಕನೆಯದು ಹಟ.

ಈ ಲಾಭ ಎಲ್ಲ ವಸ್ತುಗಳಿಗೂ ಒಂದೇ ರೀತಿ ಸಿಗದು. ಈಥರ್ ತೆಗೆದುಕೊಳ್ಳಿ. ಒಂದು ಗ್ರಾಂ ಕೆಫೀನ್ ಕರಗಿಸಲು 46 ಮಿಲಿಲೀಟರ್ ನೀರು ಸಾಕು, ಈಥರ್ ಆದರೆ ಸುಮಾರು 530 ಬೇಕು. K ಕೇವಲ 0.09ರಷ್ಟು. ಒಂದೇ ಸಲ ಹಾಕಿದರೂ ಮೂರು ಸಲ ಹಾಕಿದರೂ 5%ರ ಆಸುಪಾಸಿನಲ್ಲೇ ನಿಲ್ಲುತ್ತದೆ. ದ್ರಾವಕದ ಆಯ್ಕೆಯೇ ತಪ್ಪಿದಾಗ ಕಂತು ಮಾಡಿ ಫಲವಿಲ್ಲ. ಇನ್ನೊಂದು ತುದಿಯಲ್ಲಿ ಅಯೋಡಿನ್ ಇದೆ. ನೀರು ಮತ್ತು ಕಾರ್ಬನ್ ಟೆಟ್ರಾಕ್ಲೋರೈಡ್ ನಡುವೆ ಅದರ K ಸುಮಾರು 85. ಅಲ್ಲಿ ಒಂದೇ ಸಲಕ್ಕೆ 98% ಬಂದುಬಿಡುತ್ತದೆ. ಕಂತಿನ ಲೆಕ್ಕಾಚಾರ ಎದ್ದು ಕಾಣುವುದು ಕೆಫೀನ್‌ನಂಥ ನಡುವಿನ ವಸ್ತುಗಳಲ್ಲಿ.

ಕೈಕೆಲಸದಲ್ಲಿ ಎಡವುವುದು ಹೆಚ್ಚಾಗಿ ಎರಡು ಕಡೆ. ಚಹಾದ ಟ್ಯಾನಿನ್‌ಗಳು ಕೆಫೀನ್ ಜೊತೆ ಹೋಗದಿರಲಿ ಎಂದು ಕುದಿಸುವಾಗ ಸೋಡಿಯಂ ಕಾರ್ಬೊನೇಟ್ ಹಾಕುತ್ತಾರೆ. ಟ್ಯಾನಿನ್‌ಗಳು ಲವಣಗಳಾಗಿ ನೀರಿನಲ್ಲೇ ಉಳಿಯುತ್ತವೆ, ಆದರೆ ಆ ಲವಣಗಳು ಸಾಬೂನಿನಂತೆ ವರ್ತಿಸುತ್ತವೆ. ಜೋರಾಗಿ ಕುಲುಕಿದರೆ ಎರಡು ಪದರಗಳ ನಡುವೆ ಮಜ್ಜಿಗೆಯಂಥ ನೊರೆಪದರ ಕಟ್ಟಿ ಗಂಟೆಗಟ್ಟಲೆ ಒಡೆಯುವುದಿಲ್ಲ. ಲಾಳಿಕೆಯನ್ನು ನಿಧಾನವಾಗಿ ತಲೆಕೆಳಗು ಮಾಡುತ್ತ ಬೆರೆಸಬೇಕು, ಕಟ್ಟಿದರೆ ಒಂದಿಷ್ಟು ಉಪ್ಪು ಹಾಕಬೇಕು. ಹಾಗೆಂದು ಬೆರೆಸುವುದನ್ನು ಅರ್ಧಕ್ಕೇ ಬಿಟ್ಟರೆ ಎರಡನೆಯ ತಪ್ಪು: ಸಮತೋಲ ಬರುವ ಮೊದಲೇ ಬಸಿದಂತಾಗುತ್ತದೆ, ಮೇಲಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಅದನ್ನು ಪತ್ತೆಹಚ್ಚಲು ಸುಲಭ ಉಪಾಯವಿದೆ. ಮೂರು ಕಂತುಗಳನ್ನು ಒಂದೇ ಪಾತ್ರೆಗೆ ಸುರಿಯದೆ ಬೇರೆಬೇರೆಯಾಗಿ ಒಣಗಿಸಿ ತೂಗಿ. 164, 74, 34. ಪ್ರತಿಯೊಂದೂ ಹಿಂದಿನದರ 45%. ನಿಮ್ಮ ತೂಕಗಳೂ ಹೀಗೆ ಒಂದೇ ಅನುಪಾತದಲ್ಲಿ ಇಳಿದರೆ ಕೆಲಸ ಸರಿಯಾಗಿದೆ, ಆ ಅನುಪಾತದಿಂದ K ಅನ್ನು ನೀವೇ ಲೆಕ್ಕ ಹಾಕಬಹುದು. ಎರಡನೆಯದು ಮೊದಲಿನದಕ್ಕಿಂತ ಭಾರವಾಗಿದ್ದರೆ ಮೊದಲ ಸಲ ಸರಿಯಾಗಿ ಬೆರೆತಿರಲಿಲ್ಲ. ಮೂರನೆಯದು ಇಳಿಯದೆ ನಿಂತು ಬಣ್ಣ ಕಂದಾಗಿದ್ದರೆ ತೂಗಿದ್ದು ಕೆಫೀನ್ ಒಂದನ್ನೇ ಅಲ್ಲ.

ಡೈಕ್ಲೋರೋಮೀಥೇನ್ ಸುಮಾರು 40 ಡಿಗ್ರಿಗೇ ಕುದಿಯುತ್ತದೆ. ಕುಲುಕುವಾಗ ಲಾಳಿಕೆಯೊಳಗೆ ಒತ್ತಡ ಏರುವುದರಿಂದ ಮತ್ತೆ ಮತ್ತೆ ನಲ್ಲಿ ತಿರುಗಿಸಿ ಆವಿ ಬಿಡಬೇಕು. ಅದರ ಆವಿ ಆರೋಗ್ಯಕ್ಕೆ ಕೆಟ್ಟದ್ದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ಇದರ ಹೆಚ್ಚಿನ ಬಳಕೆಗಳನ್ನು ನಿಷೇಧಿಸಿ, ಪ್ರಯೋಗಾಲಯಗಳಿಗೆ ಕಟ್ಟುನಿಟ್ಟಿನ ಷರತ್ತಿನ ಮೇಲೆ ಮಾತ್ರ ಅವಕಾಶ ಉಳಿಸಿದೆ. ಫ್ಯೂಮ್ ಹುಡ್ ಇಲ್ಲದ ಕಡೆ ಈ ಪ್ರಯೋಗಕ್ಕೆ ಕೈ ಹಾಕಬೇಡಿ.