ಬಿಸಿಯೂಟ ಮನೆಯ ಊಟವನ್ನು ಕಡಿಮೆ ಮಾಡುತ್ತದೆಯೇ?

1995ರಲ್ಲಿ ಕೇಂದ್ರದ ಶಾಲಾ ಆಹಾರ ಯೋಜನೆ ಶುರುವಾದಾಗ ಬಹುತೇಕ ರಾಜ್ಯಗಳ ಮಕ್ಕಳಿಗೆ ಸಿಕ್ಕಿದ್ದು ಊಟವಲ್ಲ, ತಿಂಗಳಿಗೆ 3 ಕೆ.ಜಿ. ಧಾನ್ಯ. ಅದು ಮನೆಗೆ ಹೋದ ಮೇಲೆ ಇಡೀ ಮನೆಯ ಪಾಲು. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಮರುವರ್ಷ ಕರ್ನಾಟಕದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಬಿಸಿಯೂಟದ ಒಲೆ ಹೊತ್ತಿತು.

ಆಗ ಒಂದು ಅನುಮಾನವೂ ಎದ್ದಿತು. ಶಾಲೆಯಲ್ಲಿ ಉಂಡು ಬಂದ ಮಗುವಿಗೆ ಬಡ ಮನೆಯಲ್ಲಿ ರಾತ್ರಿ ಒಂದು ರೊಟ್ಟಿ ಕಡಿಮೆ ಬಡಿಸಿದರೆ ಸರ್ಕಾರದ ಖರ್ಚು ಯಾರ ಹೊಟ್ಟೆ ಸೇರಿದಂತಾಯಿತು?

ಅರ್ಥಶಾಸ್ತ್ರಜ್ಞೆ ಫರ್ಜಾನಾ ಅಫ್ರಿದಿ ಇದನ್ನು ಮಧ್ಯಪ್ರದೇಶದ ಹಳ್ಳಿಗಳಲ್ಲಿ ಪರೀಕ್ಷಿಸಿದರು. ಹಿಂದಿನ 24 ಗಂಟೆಯಲ್ಲಿ ಮಗು ಏನೇನು ತಿಂದಿತು ಎಂದು ಮನೆಯಲ್ಲಿ ಕೇಳಿ ಬರೆದುಕೊಂಡರು. ಕೆಲವರಿಗೆ ಆ ದಿನ ಶಾಲೆ ಇತ್ತು, ಕೆಲವರಿಗೆ ರಜೆ. ಮನೆಯವರು ಊಟ ಕಡಿತ ಮಾಡುತ್ತಿದ್ದರೆ ಎರಡೂ ದಿನದ ಲೆಕ್ಕ ಸಮವಾಗಬೇಕಿತ್ತು. ಆಗಲಿಲ್ಲ. ಶಾಲೆಯಲ್ಲಿ ಸಿಕ್ಕ ಪೋಷಕಾಂಶಗಳಲ್ಲಿ ಹೆಚ್ಚುಕಡಿಮೆ ಅರ್ಧದಿಂದ ಪೂರ್ತಿವರೆಗೆ ಮಗುವಿನ ಪಾಲಿಗೆ ಹೆಚ್ಚುವರಿಯಾಗಿಯೇ ಉಳಿದಿತ್ತು. ಅನುಮಾನ ಬಹುಮಟ್ಟಿಗೆ ಸುಳ್ಳಾಯಿತು ಎನ್ನಬಹುದು.

ಹಾಜರಿಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ದಾಖಲಾತಿ ಏರಿತೆಂದ ಮಾತ್ರಕ್ಕೆ ಮಕ್ಕಳು ದಿನಾ ಬಂದರು ಎಂದಲ್ಲ. ಹೆಸರು ಹಚ್ಚಿ ಮನೆಯಲ್ಲೇ ಉಳಿಯುವವರೂ ಇರುತ್ತಾರೆ. ಅಫ್ರಿದಿಯವರ ಇನ್ನೊಂದು ಅಧ್ಯಯನ ನೋಡಿದ್ದು ಹಾಜರಿಯನ್ನೇ. ಧಾನ್ಯದ ಬದಲು ಊಟ ಬಂದ ಮೇಲೆ ಒಂದನೇ ತರಗತಿಯ ಹೆಣ್ಣುಮಕ್ಕಳ ಹಾಜರಿ 12 ಶೇಕಡಾವಾರು ಅಂಶಕ್ಕೂ ಹೆಚ್ಚು ಏರಿತ್ತು.

ಕಲಿಕೆಯ ಫಲ ಮಾತ್ರ ನಿಧಾನ. ರಾಜ್ಯಗಳು ಬಿಸಿಯೂಟವನ್ನು ಬೇರೆ ಬೇರೆ ವರ್ಷಗಳಲ್ಲಿ ಆರಂಭಿಸಿದ್ದರಿಂದ ಒಂದೇ ವಯಸ್ಸಿನ ಮಕ್ಕಳಲ್ಲಿ ಕೆಲವರು ಹೆಚ್ಚು ವರ್ಷ ಉಂಡಿದ್ದರು, ಕೆಲವರು ಕಡಿಮೆ. ತನಿಕಾ ಚಕ್ರವರ್ತಿ ಮತ್ತು ರಾಜಶ್ರೀ ಜಯರಾಮನ್ ಹಿಡಿದುಕೊಂಡದ್ದು ಈ ವ್ಯತ್ಯಾಸವನ್ನೇ. ಒಂದು ವರ್ಷಕ್ಕಿಂತ ಕಡಿಮೆ ಊಟ ಸಿಕ್ಕವರಿಗೆ ಹೋಲಿಸಿದರೆ ಐದು ವರ್ಷದವರೆಗೆ ಸಿಕ್ಕವರ ಓದಿನ ಅಂಕ ಶೇ 18ರಷ್ಟು, ಗಣಿತದ ಅಂಕ ಶೇ 9ರಷ್ಟು ಹೆಚ್ಚಿತ್ತು. ಯೋಜನೆ ಬಂದು ವರ್ಷ ತುಂಬುವ ಮೊದಲೇ ಫಲಿತಾಂಶ ಕೇಳುವವರು ಇದನ್ನು ಗಮನಿಸಬೇಕು.

ಕೀನ್ಯಾದ ಅನುಭವ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಅಲ್ಲಿನ ಶಿಶುವಿಹಾರಗಳಲ್ಲಿ ಬೆಳಗಿನ ಉಪಾಹಾರ ಶುರುವಾದಾಗ ಹಾಜರಿ ಸುಮಾರು ಶೇ 30ರಷ್ಟು ಹೆಚ್ಚಿತು. ಅಂಕ ಏರಿದ್ದು ಮಾತ್ರ ಶಿಕ್ಷಕರು ಅನುಭವಿಗಳಾಗಿದ್ದ ಕಡೆ. ಉಪಾಹಾರದ ಗಡಿಬಿಡಿಯಲ್ಲಿ ಪಾಠದ ಹೊತ್ತೂ ಕರಗುತ್ತಿತ್ತು. ನಮ್ಮ ಶಾಲೆಗಳಿಗೆ ತಪಾಸಣೆಗೆ ಬರುವವರು ಸಾಂಬಾರಿನ ರುಚಿಯ ಜೊತೆಗೆ, ಬೇಳೆ, ಎಣ್ಣೆ, ಮೊಟ್ಟೆಯ ಲೆಕ್ಕ ಬರೆಯುವುದರಲ್ಲಿ ಮೇಷ್ಟ್ರ ಎಷ್ಟು ಪಾಠದ ಹೊತ್ತು ಹೋಗುತ್ತಿದೆ ಎಂದೂ ಕೇಳಲಿ.