ಎರಡು ಮೊಳೆ, ಒಂದು ದಾರದ ಕುಣಿಕೆ

ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ದಾರಿಯಲ್ಲಿ ಹಂಪಾಪುರ ಸಿಗುತ್ತದೆ. ಇಲ್ಲಿನ ಮರಗೆಲಸದ ಆಚಾರ್ರೊಬ್ಬರಿಗೆ ನೀವು ಓವಲ್ ಆಕಾರದ ಟೀಪಾಯಿ ಮಾಡಲು ಹೇಳಿದಿರಿ ಎಂದುಕೊಳ್ಳಿ. ಹಲಗೆಯ ಉದ್ದ 100 ಸೆಂಟಿಮೀಟರ್, ಅಗಲ 60. ಪ್ಲೈವುಡ್ ಮೇಲೆ ಎರಡು ಮೊಳೆ ಹೊಡೆದು, ಸುತ್ತ ದಾರದ ಕುಣಿಕೆ ಹಾಕಿ, ಪೆನ್ಸಿಲಿನಿಂದ ಬಿಗಿಯಾಗಿ ಎಳೆದು ಒಂದು ಸುತ್ತು ಬಂದರೆ ಗೆರೆ ಸಿದ್ಧ. ಅವರು ಕೇಳುವ ಪ್ರಶ್ನೆ ಒಂದೇ: “ಮೊಳೆ ಎಷ್ಟು ದೂರಕ್ಕೆ ಹೊಡೀಲಿ ಸಾರ್, ದಾರ ಎಷ್ಟುದ್ದ ಬಿಡ್ಲಿ?”

ಉತ್ತರ ಶಾಲೆಯ ಲಂಬಕೋನ ತ್ರಿಭುಜದಲ್ಲೇ ಇದೆ. ಉದ್ದದ ಅರ್ಧ 50, ಅಗಲದ ಅರ್ಧ 30. ಐವತ್ತರ ವರ್ಗದಿಂದ ಮೂವತ್ತರ ವರ್ಗ ಕಳೆದರೆ 1600. ಅದರ ವರ್ಗಮೂಲ 40. ಹಲಗೆಯ ನಡುವಿನಿಂದ ಉದ್ದದ ಗೆರೆಯ ಮೇಲೆ ಆಚೆ 40, ಈಚೆ 40 ಸೆಂಟಿಮೀಟರಿಗೆ ಒಂದೊಂದು ಮೊಳೆ. ಮೊಳೆಗಳ ನಡುವೆ 80 ಆಯಿತು. ಅದಕ್ಕೆ ಹಲಗೆಯ ಪೂರ್ತಿ ಉದ್ದ 100 ಕೂಡಿಸಿದರೆ ಕುಣಿಕೆಯ ಸುತ್ತಳತೆ 180.

ಪೆನ್ಸಿಲ್ ಎಲ್ಲೇ ಇರಲಿ, ಕುಣಿಕೆಯ 80 ಸೆಂಟಿಮೀಟರ್ ಎರಡು ಮೊಳೆಗಳ ನಡುವೆ ಮಲಗಿರುತ್ತದೆ. ಉಳಿದ 100 ಎರಡು ಕಾಲುಗಳಾಗಿ ಪೆನ್ಸಿಲಿಗೆ ಬರುತ್ತದೆ. ಒಂದು ಕಾಲು ಗಿಡ್ಡವಾದಷ್ಟೇ ಇನ್ನೊಂದು ಉದ್ದವಾಗುತ್ತದೆ, ಮೊತ್ತ ಕದಲುವುದಿಲ್ಲ. ಹೀಗೆ ಎರಡು ಗೊತ್ತಾದ ಬಿಂದುಗಳಿಂದ ಇರುವ ದೂರಗಳ ಮೊತ್ತ ಬದಲಾಗದಂತೆ ಸಾಗುವ ಬಿಂದುವಿನ ಪಥವೇ ದೀರ್ಘವೃತ್ತ. ಮೊಳೆ ಇರುವ ಜಾಗಗಳು ಅದರ ನಾಭಿಗಳು. ಎರಡು ಮೊಳೆಗಳನ್ನೂ ಒಂದೇ ಕಡೆಗೆ ತಂದರೆ ಸಿಗುವುದು ಬರೀ ವೃತ್ತ.

ಕೆಲಸ ಕೆಡುವುದು ಹೆಚ್ಚಾಗಿ ದಾರದಿಂದ. ಹಿಗ್ಗುವ ನೈಲಾನ್ ದಾರ ಕಟ್ಟಿ, ಎಳೆಯುವ ಬಿಗುವಿಗೆ ಅದು ಒಂದೇ ಒಂದು ಸೆಂಟಿಮೀಟರ್ ಉದ್ದವಾಯಿತು ಎನ್ನಿ. ಹಲಗೆಯ ಉದ್ದ 101 ಆಗುತ್ತದೆ, ಅಗಲ ಮಾತ್ರ 61.6 ದಾಟುತ್ತದೆ. ಉದ್ದಕ್ಕಿಂತ ಅಗಲ ಹೆಚ್ಚು ಕೆಡುವುದರಿಂದ ಮೊದಲು ಅಗಲವನ್ನೇ ಅಳೆದು ನೋಡಬೇಕು. ದಾರದ ತುದಿಗಳನ್ನು ಮೊಳೆಗಳಿಗೇ ಕಟ್ಟಿಬಿಡುವವರೂ ಇದ್ದಾರೆ. ಆಗ ಅರ್ಧ ಗೆರೆ ಎಳೆದಾದ ಮೇಲೆ ದಾರವನ್ನು ಮೊಳೆಗಳ ಆಚೆಗೆ ದಾಟಿಸಬೇಕು, ಎರಡು ಅರ್ಧಗಳು ಕೂಡುವ ತುದಿಯಲ್ಲಿ ಸಣ್ಣ ಮೂಗು ಏಳುತ್ತದೆ. ಕುಣಿಕೆಗೆ ಈ ತಾಪತ್ರಯವಿಲ್ಲ, ಗಂಟು ಮೊಳೆಗೆ ಸಿಕ್ಕಿಕೊಳ್ಳದಂತೆ ನೋಡಿಕೊಂಡರೆ ಸಾಕು.

ಗೆರೆ ಕೊಯ್ದಾದ ಮೇಲೆ ಅಂಚಿಗೆ ಬೀಡಿಂಗ್ ಪಟ್ಟಿ ಬೇಕು. ಎಷ್ಟುದ್ದ? ಇದು ನಮ್ಮ ನಾಡಿನ ಹಳೆಯ ಪ್ರಶ್ನೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಆಯತವೃತ್ತ ಎಂದು ಇದನ್ನೇ ಎತ್ತಿಕೊಂಡು ಎರಡು ಸೂತ್ರ ಕೊಟ್ಟ. ಸ್ಥೂಲ ಲೆಕ್ಕದಲ್ಲಿ ಉದ್ದಕ್ಕೆ ಅಗಲದ ಅರ್ಧ ಸೇರಿಸಿ ಎರಡರಿಂದ ಗುಣಿಸಬೇಕು. ನಮ್ಮ ಹಲಗೆಗೆ 260 ಬರುತ್ತದೆ. ಸೂಕ್ಷ್ಮ ಲೆಕ್ಕದಲ್ಲಿ ಅಗಲದ ವರ್ಗದ ಆರರಷ್ಟಕ್ಕೆ ಉದ್ದದ ವರ್ಗದ ನಾಲ್ಕರಷ್ಟು ಸೇರಿಸಿ ವರ್ಗಮೂಲ ತೆಗೆಯಬೇಕು, 248 ಬರುತ್ತದೆ. ಶ್ರೀನಿವಾಸ ರಾಮಾನುಜನ್ 1914ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ ಅದು 255.3; ಈ ಆಕಾರಕ್ಕೆ ಅದನ್ನು ನಿಜದ ಅಳತೆ ಎಂದೇ ನಂಬಬಹುದು. ಸೂಕ್ಷ್ಮವನ್ನು ನಂಬಿ ಪಟ್ಟಿ ಕೊಯ್ದವನಿಗೆ ಏಳು ಸೆಂಟಿಮೀಟರ್ ಕಡಿಮೆ ಬೀಳುತ್ತದೆ, ಸ್ಥೂಲದವನಿಗೆ ಚೂರು ಮಿಗುತ್ತದೆ. ದುಂಡನೆಯ ಹಲಗೆಯಾದರೆ ಸೂಕ್ಷ್ಮವೇ ಗೆಲ್ಲುತ್ತಿತ್ತು. ಬಡಗಿಗಂತೂ ಮಿಗುವ ಲೆಕ್ಕವೇ ವಾಸಿ.

ಮಹಾವೀರಾಚಾರ್ಯ ಕೈಹಾಕಿದ್ದು ಸುತ್ತಳತೆಗೆ ಮತ್ತು ಕ್ಷೇತ್ರಫಲಕ್ಕೆ. ಆಕೃತಿಯ ಇನ್ನೊಂದು ಗುಣ ದಾರದಲ್ಲೇ ಅಡಗಿದೆ, ಪೆನ್ಸಿಲ್ ಹಿಡಿದ ಕೈಗೆ ಅದು ತಾಗುತ್ತದೆ ಕೂಡ.

ಪೆನ್ಸಿಲನ್ನು ಗೆರೆಯ ಮೇಲೆ ಎಲ್ಲಾದರೂ ನಿಲ್ಲಿಸಿ. ದಾರ ಅದನ್ನು ಎಡ ಮೊಳೆಯ ಕಡೆಗೂ ಬಲ ಮೊಳೆಯ ಕಡೆಗೂ ಎಳೆಯುತ್ತಿದೆ. ದಾರ ಒಂದೇ, ಪೆನ್ಸಿಲ್ ನುಣುಪು. ಹಾಗಾಗಿ ಎರಡು ಕಡೆಯ ಬಿಗುವೂ ಸಮ. ಸಮಬಲದವರಿಬ್ಬರು ಒಂದು ವಸ್ತುವನ್ನು ಬೇರೆ ಬೇರೆ ದಿಕ್ಕಿಗೆ ಎಳೆದರೆ ಒಟ್ಟು ಎಳೆತ ಅವರಿಬ್ಬರ ನಡುವಿನ ಕೋನವನ್ನು ಸರಿಯಾಗಿ ಅರ್ಧ ಮಾಡುವ ದಿಕ್ಕಿಗೆ ಇರುತ್ತದೆ. ಈಗ ಪೆನ್ಸಿಲನ್ನು ಗೆರೆಯುದ್ದಕ್ಕೆ ಕೊಂಚ ಸರಿಸಿ. ದಾರ ಸಡಿಲವೂ ಆಗಲಿಲ್ಲ, ಹಿಗ್ಗಲೂ ಇಲ್ಲ. ಅಂದರೆ ದಾರ ನಿಮ್ಮ ಚಲನೆಗೆ ಅಡ್ಡ ಬರಲಿಲ್ಲ, ಸಹಾಯವನ್ನೂ ಮಾಡಲಿಲ್ಲ. ಒಟ್ಟು ಎಳೆತಕ್ಕೆ ಲಂಬವಾಗಿ ಸರಿದಾಗ ಮಾತ್ರ ಹೀಗಾಗಲು ಸಾಧ್ಯ. ಎಂದರೆ ಗೆರೆಯ ದಿಕ್ಕು ಆ ಅರ್ಧಕಕ್ಕೆ ಲಂಬ. ಆದ್ದರಿಂದ ದಾರದ ಎರಡು ಕಾಲುಗಳೂ ಗೆರೆಯೊಂದಿಗೆ ಒಂದೇ ಕೋನ ಮಾಡಲೇಬೇಕು.

ಕನ್ನಡಿಗೆ ಬಿದ್ದ ಬೆಳಕು ಹಿಂತಿರುಗುವ ನಿಯಮವೂ ಇದೇ: ಬಂದ ಕೋನದಲ್ಲೇ ಹೋಗಬೇಕು. ಒಂದು ಮೊಳೆಯ ಜಾಗದಿಂದ ಹೊರಟ ಬೆಳಕು ಅಂಚಿನ ಯಾವ ಭಾಗಕ್ಕೆ ಬಡಿದರೂ ದಾರದ ಇನ್ನೊಂದು ಕಾಲು ಹಿಡಿದು ಎರಡನೆಯ ಮೊಳೆಯ ಜಾಗಕ್ಕೇ ಬರುತ್ತದೆ.

ಇದನ್ನು ಪರೀಕ್ಷಿಸಲು ಹಲಗೆಗಿಂತ ಅದನ್ನು ಕೊಯ್ದಾದ ಮೇಲೆ ಉಳಿದ, ಓವಲ್ ತೂತಿನ ಪ್ಲೈವುಡ್ಡೇ ಒಳ್ಳೆಯದು. ಅದನ್ನು ಬಿಳಿ ಕಾಗದದ ಮೇಲಿಟ್ಟು, ತೂತಿನ ಒಳ ಅಂಚಿಗೆ ಹೊಳಪಿನ ಸ್ಟೀಲ್ ಪಟ್ಟಿ ಕೂರಿಸಿ, ಕತ್ತಲಲ್ಲಿ ಒಂದು ನಾಭಿಯಿಂದ ಕಾಗದ ಸವರುವಂತೆ ಲೇಸರ್ ಬಿಡಿ. ಯಾವ ಕಡೆ ತಿರುಗಿಸಿದರೂ ಗೆರೆ ಇನ್ನೊಂದು ನಾಭಿಯನ್ನು ಹಾಯುತ್ತದೆ. ಗೋಲಿ ಉರುಳಿಸಿಯೂ ನೋಡಬಹುದು, ಆದರೆ ಬಡಿದಾಗ ಗೋಲಿಯ ಸುತ್ತು ಅದನ್ನು ಓರೆಗೆ ತಿರುಗಿಸುವುದರಿಂದ ಗುರಿ ತಪ್ಪುವುದೇ ಹೆಚ್ಚು. ನಾಲ್ಕು ಕಂಸಗಳನ್ನು ಕೈವಾರದಲ್ಲಿ ಜೋಡಿಸಿ ಎಳೆದ ಓವಲ್ ಕಣ್ಣಿಗೆ ಇದರಂತೆಯೇ ಕಂಡರೂ ಅದಕ್ಕೆ ನಾಭಿಗಳೇ ಇರುವುದಿಲ್ಲ. ಲೇಸರಿಟ್ಟರೆ ಕಳ್ಳತನ ಗೊತ್ತಾಗಿಬಿಡುತ್ತದೆ.

ಸದ್ದೂ ಬೆಳಕಿನಂತೆಯೇ ಹಿಂತಿರುಗುತ್ತದೆ. ಒಂದು ನಾಭಿಯಲ್ಲಿ ಆಡಿದ ಪಿಸುಮಾತು ಇನ್ನೊಂದರಲ್ಲಿ ಕೇಳುತ್ತದೆ ಎಂದ ಕೂಡಲೇ ವಿಜಯಪುರದ ಗೋಲಗುಮ್ಮಟ ನೆನಪಾಗಬಹುದು. ಅಲ್ಲಿನ ಮೊಗಸಾಲೆ ವೃತ್ತಾಕಾರದ್ದು. ಸದ್ದು ಗೋಡೆಗೆ ಅಂಟಿಕೊಂಡಂತೆ ಸುತ್ತಿ ಬರುತ್ತದೆ, ಅದು ಬೇರೆಯದೇ ಕಥೆ.

ನಾಭಿಯ ನಿಜವಾದ ಬಳಕೆ ಮೂತ್ರಪಿಂಡದ ಕಲ್ಲು ಒಡೆಯುವುದರಲ್ಲಿದೆ. ದೀರ್ಘವೃತ್ತವನ್ನು ಉದ್ದದ ಅಕ್ಷದ ಸುತ್ತ ತಿರುಗಿಸಿದರೆ ಬರುವ ಮೊಟ್ಟೆಯಂಥ ಆಕಾರವನ್ನು ನಡುವೆ ಕೊಯ್ದು, ಅರ್ಧ ಭಾಗವನ್ನು ಲೋಹದ ಬೋಗುಣಿ ಮಾಡುತ್ತಾರೆ. ಒಂದು ನಾಭಿ ಬೋಗುಣಿಯೊಳಗಿರುತ್ತದೆ, ಎರಡನೆಯದು ಹೊರಗೆ, ರೋಗಿಯ ಹೊಟ್ಟೆಯಲ್ಲಿ. ಒಳಗಿನ ನಾಭಿಯಲ್ಲಿ ನೀರಿನಡಿ ವಿದ್ಯುತ್ ಕಿಡಿ ಹಾರಿಸಿದರೆ ಆಘಾತದ ಅಲೆ ಸುತ್ತಲೂ ಹರಡಿ, ಬೋಗುಣಿಗೆ ಬಡಿದು, ಕಲ್ಲಿನ ಮೇಲೆ ಕೂಡುತ್ತದೆ. ಕೋನ ಸರಿಯಾದರಷ್ಟೇ ಸಾಲದು, ಎಲ್ಲ ದಾರಿಗಳೂ ಒಂದೇ ಉದ್ದ ಇರುವುದೂ ಇಲ್ಲಿ ಮುಖ್ಯ. ನಮ್ಮ ಹಲಗೆಯಲ್ಲಿ ಎಲ್ಲಿ ಬಡಿದರೂ ದಾರಿ 100 ಸೆಂಟಿಮೀಟರೇ ಇದ್ದಂತೆ, ಇಲ್ಲೂ ಅಲೆಯ ಎಲ್ಲ ತುಂಡುಗಳು ಒಂದೇ ಗಳಿಗೆಗೆ ಬಂದು ಸೇರಿ ಏಟು ಜೋರಾಗುತ್ತದೆ. ನಡುವೆ ಚರ್ಮ, ಮಾಂಸ ಇದ್ದರೂ ಅವು ಅಲೆಯ ಪಾಲಿಗೆ ಹೆಚ್ಚುಕಡಿಮೆ ನೀರೇ, ಹಾಗಾಗಿ ಅಲೆ ಬಹುಮಟ್ಟಿಗೆ ತಡೆಯಿಲ್ಲದೆ ಒಳಹೋಗುತ್ತದೆ. ಕಲ್ಲು ಗಟ್ಟಿ, ಏಟು ತಿನ್ನುವುದು ಅದು.

ಜರ್ಮನಿಯ ಮ್ಯೂನಿಕ್‌ನಲ್ಲಿ 1980ರಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ನಡೆಯಿತು. ಆ ಮೊದಲ ಯಂತ್ರಗಳಲ್ಲಿ ರೋಗಿಯನ್ನು ನೀರಿನ ತೊಟ್ಟಿಯಲ್ಲೇ ಮಲಗಿಸುತ್ತಿದ್ದರು. ಈಗಿನ ಹಲವು ಯಂತ್ರಗಳು ಬೋಗುಣಿ ಬಿಟ್ಟು ಬೇರೆ ಬಗೆಯಲ್ಲಿ ಅಲೆ ಕೂಡಿಸುತ್ತವೆ. ತೊಡಕು ಮಾತ್ರ ಎಲ್ಲದರಲ್ಲೂ ಅದೇ: ರೋಗಿ ಉಸಿರಾಡಿದಂತೆಲ್ಲ ಮೂತ್ರಪಿಂಡ ಮೇಲೆ ಕೆಳಗೆ ಸರಿಯುತ್ತದೆ, ಕಲ್ಲು ನಾಭಿಯಿಂದ ಜಾರುತ್ತದೆ. ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್‌ನಲ್ಲಿ ಮತ್ತೆ ಮತ್ತೆ ನೋಡಿ ರೋಗಿಯ ಹಾಸಿಗೆಯನ್ನೇ ಅತ್ತಿತ್ತ ಸರಿಸಿ ಗುರಿ ಹಿಡಿಯಬೇಕು.