ನಕ್ಷೆಯ ಮೇಲಿನ ಸ್ಕೂಟರ್ ಚಲಿಸುವುದು ಹೇಗೆ?

ಊಟ ತರಿಸುವ ಆ್ಯಪ್ ತೆರೆದಿಟ್ಟುಕೊಂಡು ಕಾಯುತ್ತಿದ್ದೀರಿ. ನೀವು ಏನನ್ನೂ ಮುಟ್ಟದಿದ್ದರೂ ‘ಅಡುಗೆ ಆಗುತ್ತಿದೆ’ ಎಂಬ ಸಾಲು ‘ಹೊರಟಿದೆ’ ಎಂದು ಬದಲಾಗುತ್ತದೆ. ಆಮೇಲೆ ನಕ್ಷೆಯ ಮೇಲೆ ಪುಟ್ಟ ಸ್ಕೂಟರ್ ಸರಿಯತೊಡಗುತ್ತದೆ. ನೋಡುವವರಿಗೆ ಎರಡೂ ‘ಲೈವ್’. ಆದರೆ ಮೊದಲನೆಯದು ನಲವತ್ತು ನಿಮಿಷದಲ್ಲಿ ಐದಾರು ಸಲ ಬದಲಾಗುವ ಸುದ್ದಿ. ಎರಡನೆಯದು ಕೆಲವೇ ಸೆಕೆಂಡಿಗೊಮ್ಮೆ ಬದಲಾಗುವಂಥದ್ದು. ಯಾವ ತಂತ್ರ ಬಳಸಬೇಕು ಎಂಬುದನ್ನು ತೀರ್ಮಾನಿಸುವುದು ಈ ಅಂತರವೇ.

ಎಲ್ಲಕ್ಕಿಂತ ಸರಳವಾದದ್ದು ಪೋಲಿಂಗ್. ‘ಏನಾದರೂ ಬದಲಾಯಿತೇ?’ ಎಂದು ಆ್ಯಪ್ ಸರ್ವರನ್ನು ಆಗಾಗ ಕೇಳುತ್ತಿರುತ್ತದೆ. 5 ಸೆಕೆಂಡಿಗೊಮ್ಮೆ ಕೇಳಿದರೆ ನಲವತ್ತು ನಿಮಿಷದಲ್ಲಿ 480 ಪ್ರಶ್ನೆಗಳಾಗುತ್ತವೆ. ಹೊಸ ಸುದ್ದಿ ಸಿಗುವುದು ಆರಕ್ಕೆ ಮಾತ್ರ. ಒಂದೇ ಹೊತ್ತಿಗೆ 10,000 ಗ್ರಾಹಕರು ಕಾಯುತ್ತಿದ್ದರೆ ಸರ್ವರಿಗೆ ಸೆಕೆಂಡಿಗೆ 2,000 ಪ್ರಶ್ನೆ. ಫೋನಿಗೂ ಇದು ಹೊರೆಯೇ. ಒಮ್ಮೆ ಮಾತಾಡಿದ ಮೊಬೈಲ್ ರೇಡಿಯೊ ತಕ್ಷಣ ಮಲಗುವುದಿಲ್ಲ, ಇನ್ನೂ ಕೆಲವು ಸೆಕೆಂಡು ಎಚ್ಚರವಾಗಿರುತ್ತದೆ. ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂದರೆ ಅದಕ್ಕೆ ವಿಶ್ರಾಂತಿಯೇ ಇಲ್ಲ. ಆದರೂ ಪೋಲಿಂಗನ್ನು ಕೀಳಾಗಿ ಕಾಣುವುದನ್ನು ನಾನು ಒಪ್ಪುವುದಿಲ್ಲ. ಅಂತರವನ್ನು 20 ಸೆಕೆಂಡಿಗೆ ಏರಿಸಿದರೆ ಪ್ರಶ್ನೆಗಳು 120ಕ್ಕೆ ಇಳಿಯುತ್ತವೆ, ಸುದ್ದಿ ತಡವಾಗುವುದು ಸರಾಸರಿ 10 ಸೆಕೆಂಡು. ಅಡುಗೆ ಮುಗಿದದ್ದು ಹತ್ತು ಸೆಕೆಂಡು ತಡವಾಗಿ ತಿಳಿದರೆ ಯಾರಿಗೂ ನಷ್ಟವಿಲ್ಲ.

ಹಾಗಾದರೆ ಸ್ಕೂಟರಿನ ಜಾಗವನ್ನು ಪುಶ್ ಮೂಲಕ ಕಳಿಸಬಹುದಲ್ಲ ಎಂದು ಅನಿಸುವುದು ಸಹಜ. ಪುಶ್ ಸಂದೇಶ ಆಂಡ್ರಾಯ್ಡಿನಲ್ಲಿ ಸಾಮಾನ್ಯವಾಗಿ ಗೂಗಲ್‌ನ, ಐಫೋನಿನಲ್ಲಿ ಆಪಲ್‌ನ ಸರ್ವರ್ ದಾಟಿ ಬರುತ್ತದೆ. ತಲುಪಿಸಲು ಅವು ಪ್ರಯತ್ನಿಸುತ್ತವೆ, ಇಷ್ಟೇ ಹೊತ್ತಿಗೆ ತಲುಪುತ್ತದೆಂಬ ಖಾತರಿ ಕೊಡುವುದಿಲ್ಲ. ಹೊಸದು ಬಂದಾಗ ಹಳೆಯದು ಬೇಡವಾಗುವ ಬಗೆಯ ಸಂದೇಶಗಳನ್ನು ಗೂಗಲ್ ಒಂದು ಫೋನಿಗೆ ಒಮ್ಮೆಗೆ 20ರವರೆಗೆ ಬಿಡುತ್ತದೆ; ಆಮೇಲೆ 3 ನಿಮಿಷಕ್ಕೆ ಒಂದು. ಸದ್ದಿಲ್ಲದ ಪುಶ್‌ಗಳನ್ನು ಗಂಟೆಗೆ ಎರಡು ಮೂರಕ್ಕಿಂತ ಹೆಚ್ಚು ಕಳಿಸಬೇಡಿ ಎನ್ನುತ್ತದೆ ಆಪಲ್. ಚಲಿಸುವ ಸ್ಕೂಟರಿಗೆ ಇದು ಎಲ್ಲಿಯೂ ಸಾಲದು. ‘ಊಟ ಹೊರಟಿತು’ ಎಂಬ ಒಂದು ಸುದ್ದಿಗೆ, ಅದರಲ್ಲೂ ಆ್ಯಪ್ ಮುಚ್ಚಿದ್ದಾಗ, ಪುಶ್‌ಗಿಂತ ಒಳ್ಳೆಯ ದಾರಿ ಇಲ್ಲ.

ನಕ್ಷೆಗೆ ಬೇಕಾದದ್ದು ವೆಬ್‌ಸಾಕೆಟ್. 2011ರಲ್ಲಿ ಇದರ ನಿಯಮಗಳು ಪ್ರಮಾಣಿತವಾದವು. ಇದು ಕೆಳಗಿಡದ ಫೋನ್ ಕರೆಯಂತೆ: ಒಮ್ಮೆ ಸಂಪರ್ಕವಾದರೆ ಎರಡೂ ಕಡೆಯವರು ಬೇಕಾದಾಗ ಮಾತಾಡಬಹುದು. ಪೋಲಿಂಗ್‌ನ ಪ್ರತಿ ಪ್ರಶ್ನೆಯೂ ನೂರಾರು ಬೈಟ್‌ಗಳ ತಲೆಬರಹ ಹೊತ್ತು ಹೋದರೆ, ಇಲ್ಲಿ ಸರ್ವರಿನಿಂದ ಬರುವ ಪುಟ್ಟ ಸಂದೇಶಕ್ಕೆ 2 ಬೈಟ್ ಸಾಕು.

ತೊಂದರೆ ಶುರುವಾಗುವುದು ಕರೆ ಸದ್ದಿಲ್ಲದೆ ಕಡಿದಾಗ. ಗ್ರಾಹಕರು ಮನೆಯ ವೈಫೈ ಬಿಟ್ಟು ಗೇಟಿನ ಹತ್ತಿರ ಬರುತ್ತಾರೆ, ಫೋನ್ ಮೊಬೈಲ್ ಡೇಟಾಕ್ಕೆ ಜಾರುತ್ತದೆ. ಹಳೆಯ ಸಂಪರ್ಕ ಸತ್ತಿದೆ, ಆ ಸುದ್ದಿ ಆ್ಯಪಿಗೆ ಮುಟ್ಟಿಲ್ಲ. ಕೆಲವು ನಿಮಿಷ ಮಾತಿಲ್ಲದಿದ್ದರೆ ಮೊಬೈಲ್ ಕಂಪನಿಯ ಜಾಲವೂ ಹೇಳದೆಯೇ ಸಂಪರ್ಕ ಕಿತ್ತುಹಾಕುವುದುಂಟು. ಪರದೆಯಲ್ಲಿ ದೋಷದ ಸೂಚನೆ ಇರುವುದಿಲ್ಲ, ಸ್ಕೂಟರ್ ಮಾತ್ರ ನಿಂತುಬಿಟ್ಟಿರುತ್ತದೆ. ಸಿಗ್ನಲ್‌ನಲ್ಲಿ ನಿಂತಿದೆಯೋ ಸಂಪರ್ಕವೇ ಸತ್ತಿದೆಯೋ ನೋಡುವವರಿಗೆ ತಿಳಿಯದು. ಅದಕ್ಕೇ 20–30 ಸೆಕೆಂಡಿಗೊಮ್ಮೆ ಆ್ಯಪ್ ‘ಇದ್ದೀಯಾ?’ ಎಂದು ಕೇಳಬೇಕು. ಸುಮಾರು 10 ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಸಂಪರ್ಕ ಮುಚ್ಚಿ ಹೊಸದನ್ನು ತೆರೆಯಬೇಕು. ಮತ್ತೆ ಮತ್ತೆ ಸೋತರೆ ಕಾಯುವ ಹೊತ್ತನ್ನು 1, 2, 4 ಸೆಕೆಂಡು ಎಂದು ಹೆಚ್ಚಿಸುತ್ತಾ, ಅದರಲ್ಲೂ ಫೋನಿನಿಂದ ಫೋನಿಗೆ ಚೂರು ವ್ಯತ್ಯಾಸವಿರುವಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಬಿದ್ದು ಎದ್ದ ಸರ್ವರಿನ ಮೇಲೆ ಸಾವಿರಾರು ಫೋನುಗಳು ಒಂದೇ ಕ್ಷಣ ಮುಗಿಬಿದ್ದು ಅದನ್ನು ಮತ್ತೆ ಕೆಡವುತ್ತವೆ.

ಇನ್ನೊಂದು ಮಾತು ಹೆಚ್ಚಾಗಿ ಮರೆತುಹೋಗುತ್ತದೆ. ಸಂಪರ್ಕ ಕಡಿದಿದ್ದ ಹೊತ್ತಿನಲ್ಲಿ ಬಂದ ಸುದ್ದಿಯನ್ನು ವೆಬ್‌ಸಾಕೆಟ್ ತಾನಾಗಿ ಮತ್ತೆ ತಂದುಕೊಡುವುದಿಲ್ಲ. ಆದ್ದರಿಂದ ಮರಳಿ ಸಂಪರ್ಕ ಸಿಕ್ಕೊಡನೆ ‘ಈಗಿನ ಪೂರ್ತಿ ಸ್ಥಿತಿ ಏನು?’ ಎಂದು ಒಂದು ಸಾದಾ ಪ್ರಶ್ನೆ ಹೋಗಲೇಬೇಕು. ಪುಶ್ ಬಂದಾಗಲೂ ಇದೇ ಪ್ರಶ್ನೆ ಕೇಳುವುದು ಸುರಕ್ಷಿತ. ಈ ಒಂದು ಪ್ರಶ್ನೆಗೆ ಸರ್ವರ್ ಸರಿಯಾಗಿ ಉತ್ತರಿಸುವಂತಿದ್ದರೆ ಮೂರು ತಂತ್ರಗಳಲ್ಲಿ ಯಾವುದು ಕೈಕೊಟ್ಟರೂ ಪರದೆ ಸುಳ್ಳು ಹೇಳದು.

ಹಾಗಾಗಿ ನಮ್ಮ ಊಟದ ಆ್ಯಪಿನಲ್ಲಿ ಅಡುಗೆ ಆಗುವವರೆಗೆ 20 ಸೆಕೆಂಡಿನ ಪೋಲಿಂಗ್ ಸಾಕು. ನಕ್ಷೆ ಪರದೆಗೆ ಬಂದಾಗ ವೆಬ್‌ಸಾಕೆಟ್ ತೆರೆದು, ನಕ್ಷೆ ಮರೆಯಾದೊಡನೆ ಮುಚ್ಚಬೇಕು. ಆ್ಯಪ್ ಹಿನ್ನೆಲೆಗೆ ಸರಿದರೆ ಐಫೋನ್ ಅದನ್ನು ಸಾಮಾನ್ಯವಾಗಿ ಸೆಕೆಂಡುಗಳಲ್ಲೇ ತಡೆಹಿಡಿಯುವುದರಿಂದ, ಅಲ್ಲಿಂದ ಮುಂದಿನದು ಪುಶ್‌ನ ಕೆಲಸ. ಇದೆಲ್ಲ ಸರಿಯಾಗಿದೆಯೇ ಎಂದು ನೋಡಲು ನಕ್ಷೆ ತೆರೆದಿರುವಾಗಲೇ ವೈಫೈ ಆರಿಸಿ. ಅರ್ಧ ನಿಮಿಷದೊಳಗೆ ಸ್ಕೂಟರ್ ಸರಿಯಾದ ಜಾಗಕ್ಕೆ ಬಂದು ಮುಂದೆ ಸಾಗಿದರೆ ಸರಿ. ಎರಡು ನಿಮಿಷವಾದರೂ ಕದಲದಿದ್ದರೆ ಮೊದಲು ಹುಡುಕಬೇಕಾದದ್ದು ಆ ‘ಇದ್ದೀಯಾ?’ ಎಂಬ ಪ್ರಶ್ನೆಯನ್ನು.